ಮರಳುಗಾಡಿನ ಟ್ಯಾಂಕ್, ಬರ್ಮಾದ ಕಾಡು: ಒಂದು ಬ್ರಿಗೇಡಿನ ಎಪ್ಪತ್ತೆಂಟು ದಿನ

ಕಳೆದ ಜನವರಿಯ ಒಂದು ಭಾನುವಾರ ಹಾಸನದ ಹದಿನೆಂಟು ಎನ್‌ಸಿಸಿ ಕೆಡೆಟ್‌ಗಳನ್ನು ಕರೆದುಕೊಂಡು ಹೋಗಿ ಒಂದೇ ಪ್ರಯೋಗವನ್ನು ಎರಡು ಕಡೆ ಮಾಡಿದೆ. ಒಬ್ಬ ಹುಡುಗ ಕೆಂಪು ಟವೆಲ್ ಹೆಗಲಿಗೆ ಹಾಕಿಕೊಂಡು ಹೆಜ್ಜೆ ಎಣಿಸುತ್ತಾ ದೂರ ನಡೆಯಬೇಕು. ಉಳಿದವರು ನಿಂತಲ್ಲೇ ನಿಂತು ನೋಡುತ್ತಿರಬೇಕು, ಕಣ್ಣಿಗೆ ಅವನು ತಪ್ಪಿದ ಕ್ಷಣ ಕೂಗಬೇಕು. ಬೆಳಿಗ್ಗೆ ಅರಸೀಕೆರೆ ಕಡೆ ರಾಗಿ ಕೊಯ್ದು ಬರಿದಾದ ಹೊಲದಲ್ಲಿ ಹುಡುಗ ಸಾವಿರದ ನಾನೂರು ಹೆಜ್ಜೆ ನಡೆದರೂ ಯಾರೂ ಕೂಗಲಿಲ್ಲ. ಬಿಸಿಲೇರುತ್ತಿತ್ತು, ಸೀಟಿ ಊದಿ ವಾಪಸು ಕರೆಸಿದೆ. ಮಧ್ಯಾಹ್ನ ಸಕಲೇಶಪುರ ದಾಟಿ, ಪರಿಚಯದವರ ಕಾಫಿ ತೋಟದ ಬೇಲಿಯಾಚೆ ಇರುವ ಕಾಡಿನಲ್ಲಿ ಅದೇ ಹುಡುಗ, ಅದೇ ಟವೆಲ್. ಇಪ್ಪತ್ತಾರನೇ ಹೆಜ್ಜೆಗೆ ಕೂಗು ಬಿತ್ತು. ನೋಡುವವರನ್ನು ನೆಲಕ್ಕೆ ಮಲಗಿಸಿ ಮತ್ತೆ ಮಾಡಿಸಿದೆ. ಒಂಬತ್ತು ಹೆಜ್ಜೆ.

ಎರಡು ಜಾಗಗಳ ನಡುವೆ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಜಿಲ್ಲೆ ಒಂದೇ, ಆದರೆ ಸಕಲೇಶಪುರಕ್ಕೆ ಬೀಳುವ ಮಳೆಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಮಾತ್ರ ಅರಸೀಕೆರೆಗೆ ಸಿಗುತ್ತದೆ. ಆ ಒಂದು ವ್ಯತ್ಯಾಸದಿಂದ ನಿಂತ ಮನುಷ್ಯನ ಕಣ್ಣಿಗೆ ಎಟುಕುವ ದೂರ ಸಾವಿರದ ನಾನೂರು ಹೆಜ್ಜೆಯಿಂದ ಇಪ್ಪತ್ತಾರಕ್ಕೆ ಇಳಿಯಿತು. ನಾನು ಸೇನೆಯ ಇಎಂಇ ದಳದಲ್ಲಿ ಇಪ್ಪತ್ತೆರಡು ವರ್ಷ ಟ್ಯಾಂಕ್ ಮೆಕ್ಯಾನಿಕ್ ಆಗಿದ್ದವನು. ಅದರಲ್ಲಿ ಕೆಲವು ವರ್ಷ ರಾಜಸ್ಥಾನ, ಕೆಲವು ವರ್ಷ ಈಶಾನ್ಯದ ಬೆಟ್ಟಗಳು. ಕಾಡಿನ ಯುದ್ಧಕ್ಕೂ ಮರಳುಗಾಡಿನ ಯುದ್ಧಕ್ಕೂ ಏನು ವ್ಯತ್ಯಾಸ ಎಂದು ಕೆಡೆಟ್‌ಗಳು ಕೇಳಿದಾಗ ನಾನು ಶುರುಮಾಡುವುದು ಈ ಟವೆಲ್ಲಿನಿಂದ. ಶತ್ರು ಎಷ್ಟು ದೂರದಲ್ಲಿ ಕಾಣುತ್ತಾನೆ ಎಂಬುದನ್ನು ನೆಲ ಮೊದಲೇ ತೀರ್ಮಾನಿಸಿರುತ್ತದೆ. ಎಂಥ ತೋಪು, ಎಂಥ ಗುಂಡು, ವಾಹನಗಳ ನಡುವೆ ಎಷ್ಟು ಅಂತರ, ಮುಂದೆ ಯಾರು, ಹಿಂದೆ ಯಾರು ಎಂಬುದೆಲ್ಲ ಆ ತೀರ್ಮಾನದ ಹಿಂದೆಯೇ ಬರುತ್ತದೆ.

ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಹುಡುಗರಿಗೆ ನಂಬಿಕೆ ಬರುವುದಿಲ್ಲ. ಅದಕ್ಕೇ ಪ್ರತಿ ಸಲವೂ ನಾನು ಬಿಡಿಸಿ ಹೇಳುವ ಪ್ರಕರಣ ಒಂದಿದೆ: ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಏಳನೇ ಆರ್ಮರ್ಡ್ ಬ್ರಿಗೇಡ್. 1941ರ ನವೆಂಬರ್‌ನಲ್ಲಿ ಅದು ಲಿಬಿಯಾದ ಮರಳುಗಾಡಿನಲ್ಲಿ ಹೋರಾಡುತ್ತಿತ್ತು. 1942ರ ಫೆಬ್ರವರಿಯಲ್ಲಿ ಬರ್ಮಾದಲ್ಲಿತ್ತು. ನಡುವೆ ಮೂರೇ ತಿಂಗಳು. ಕಲಿತದ್ದನ್ನು ಮರೆಯುವುದಕ್ಕೂ ಹೊಸದನ್ನು ಕಲಿಯುವುದಕ್ಕೂ ಅವರಿಗೆ ಸಮಯ ಸಿಗಲಿಲ್ಲ. ಹಾಗಾಗಿಯೇ ಎರಡು ನೆಲಗಳ ಗುಣ ಇಲ್ಲಿ ಇಷ್ಟು ನಿಚ್ಚಳವಾಗಿ ಕಾಣುತ್ತದೆ.

ಮೊದಲು ಮರಳುಗಾಡು. ಹೆಸರು ಕೇಳಿದೊಡನೆ ಕಣ್ಣಮುಂದೆ ಬರುವ ಮರಳ ದಿಬ್ಬಗಳನ್ನು ಬದಿಗಿಡಬೇಕು. ಲಿಬಿಯಾದ ಕರಾವಳಿಗೆ ಹೊಂದಿದ ಮರುಭೂಮಿ ಬಹುಪಾಲು ಗಟ್ಟಿ ಕಲ್ಲುನೆಲ, ಮೇಲೆ ತೆಳ್ಳನೆಯ ಪುಡಿಮಣ್ಣು. ಟ್ಯಾಂಕ್ ಯಾವ ದಿಕ್ಕಿಗೆ ಬೇಕಾದರೂ ತಿರುಗಿ ಓಡಬಹುದು, ರಸ್ತೆಯ ಹಂಗಿಲ್ಲ. ಹಿಡಿದಿಟ್ಟುಕೊಳ್ಳಲು ಊರಿಲ್ಲ, ಅಡ್ಡಹಾಕಲು ಮರವಿಲ್ಲ. 1941ರ ನವೆಂಬರ್ 18ರಂದು ಬ್ರಿಟಿಷರ ದೊಡ್ಡ ದಾಳಿ ಶುರುವಾಯಿತು. ಮಾರನೆಯ ದಿನವೇ ಈ ಬ್ರಿಗೇಡ್ ಸಿದಿ ರೆಜೆಗ್ ಎಂಬಲ್ಲಿನ ವಿಮಾನ ನೆಲೆಯನ್ನು ಹಿಡಿಯಿತು. ಆಮೇಲೆ ಜರ್ಮನ್ನರ ತಿರುಗೇಟಿನಲ್ಲಿ ನಾಲ್ಕೈದು ದಿನಗಳೊಳಗೆ ತನ್ನ ಟ್ಯಾಂಕ್‌ಗಳನ್ನು ಹೆಚ್ಚುಕಡಿಮೆ ಪೂರ್ತಿ ಕಳೆದುಕೊಂಡಿತು.

ಕಳೆದುಕೊಂಡದ್ದು ಹೇಗೆ ಎಂಬುದರಲ್ಲಿ ಮರಳುಗಾಡಿನ ಯುದ್ಧದ ಸ್ವರೂಪವೇ ಇದೆ. ಜರ್ಮನ್ನರ ಬಳಿ 88 ಮಿ.ಮೀ. ತೋಪು ಇತ್ತು, ವಿಮಾನ ಹೊಡೆಯಲು ಮಾಡಿದ್ದು. ಅದನ್ನು ನೆಲಕ್ಕೆ ಸಮವಾಗಿ ತಿರುಗಿಸಿದರೆ ಒಂದೂವರೆ, ಎರಡು ಕಿಲೋಮೀಟರ್ ದೂರದ ಟ್ಯಾಂಕನ್ನು ಭೇದಿಸುತ್ತಿತ್ತು. ಬ್ರಿಟಿಷ್ ಟ್ಯಾಂಕಿನ ಸಣ್ಣ ತೋಪಿಗೆ ಅಷ್ಟು ದೂರದಲ್ಲಿ ಏನನ್ನೂ ಮಾಡಲಾಗುತ್ತಿರಲಿಲ್ಲ. ಬಯಲಿನಲ್ಲಿ ಎಲ್ಲರಿಗೂ ಎಲ್ಲರೂ ಕಾಣುತ್ತಾರೆ, ಆದ್ದರಿಂದ ಯಾರ ಗುಂಡು ಹೆಚ್ಚು ದೂರ ಹೋಗುತ್ತದೋ ಅವರದೇ ಮೇಲುಗೈ. ಅಲ್ಲಿ ಬದುಕಿ ಉಳಿದವರು ಕಲಿತದ್ದು ಅದಕ್ಕೆ ತಕ್ಕ ಪಾಠಗಳನ್ನೇ. ವಾಹನಗಳನ್ನು ನೂರಾರು ಗಜ ಬಿಡಿಬಿಡಿಯಾಗಿ ನಿಲ್ಲಿಸಿ, ಒಂದು ಬಾಂಬಿಗೆ ಎರಡು ಸಿಗಬಾರದು. ದಿಬ್ಬದ ಹಿಂದೆ ಗೋಪುರ ಮಾತ್ರ ಕಾಣುವಂತೆ ನಿಲ್ಲಿ. ಹೊಡೆದ ತಕ್ಷಣ ಜಾಗ ಬದಲಿಸಿ. ಪದಾತಿಯವರು ಹತ್ತಿರ ಇರಲೇಬೇಕೆಂದಿಲ್ಲ. ರಾತ್ರಿ ಮಾತ್ರ ಎಲ್ಲರೂ ಒತ್ತೊತ್ತಾಗಿ ಸೇರಿ, ಇಂಧನ ತುಂಬಿಕೊಂಡು, ಬೆಳಕು ಹರಿಯುವ ಮೊದಲೇ ಚದುರಿ.

ದಾರಿ ಹುಡುಕುವ ರೀತಿಯೂ ಬೇರೆ. ಉಕ್ಕಿನ ವಾಹನದೊಳಗೆ ಅಯಸ್ಕಾಂತದ ದಿಕ್ಸೂಚಿ ನೆಟ್ಟಗೆ ತೋರಿಸುವುದಿಲ್ಲ. ಅರಸೀಕೆರೆಯ ಹೊಲದಲ್ಲಿ ನಮ್ಮ ಕೆಡೆಟ್ ಒಬ್ಬಳು ಜೀಪಿನ ಬಾನೆಟ್ ಮೇಲೆ ದಿಕ್ಸೂಚಿ ಇಟ್ಟು ಓದಿ, ಹತ್ತು ಹೆಜ್ಜೆ ದೂರ ಹೋಗಿ ಮತ್ತೆ ಓದಿದಳು. ಮುಳ್ಳು ಬೇರೆ ಕಡೆ ತಿರುಗಿದ್ದನ್ನು ಕಂಡು ದಿಕ್ಸೂಚಿಯೇ ಕೆಟ್ಟಿದೆ ಎಂದುಕೊಂಡಳು. ಕೆಟ್ಟಿರಲಿಲ್ಲ, ಜೀಪು ಅದನ್ನು ಎಳೆದಿತ್ತು. ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಬ್ರಿಟಿಷ್ ಅಧಿಕಾರಿ ಯುದ್ಧಕ್ಕೆ ಮುಂಚೆಯೇ ಮರುಭೂಮಿ ಸುತ್ತುತ್ತಾ ಇದಕ್ಕೊಂದು ಉಪಾಯ ರೂಪಿಸಿದ್ದರು, ಸೂರ್ಯ ದಿಕ್ಸೂಚಿ. ಡಿಗ್ರಿ ಗುರುತು ಮಾಡಿದ ತಟ್ಟೆಯ ನಡುವೆ ಒಂದು ಕಡ್ಡಿ. ಅದರ ನೆರಳು ಹೊತ್ತಿಗೆ ತಕ್ಕ ಗುರುತಿನ ಮೇಲೆ ಬೀಳುವಂತೆ ನೋಡಿಕೊಂಡು ಓಡಿಸಿದರೆ ದಾರಿ ನೇರ. ಉಕ್ಕು ನೆರಳನ್ನು ಎಳೆಯಲಾರದು. ಮಧ್ಯಾಹ್ನ ಕಾಡಿನಲ್ಲಿ ಅದೇ ಕೆಡೆಟ್ ಕೈ ಚಾಚಿ ನೋಡಿದಳು. ಕೈಯ ನೆರಳೇ ನೆಲಕ್ಕೆ ಬೀಳುತ್ತಿರಲಿಲ್ಲ. ಅಲ್ಲಿ ಉಳಿಯುವುದು ಕೈಯಲ್ಲಿ ಹಿಡಿಯುವ ದಿಕ್ಸೂಚಿ ಮತ್ತು ಹೆಜ್ಜೆಯ ಎಣಿಕೆ ಮಾತ್ರ.

ಸಿದಿ ರೆಜೆಗ್ ಆದ ಮೇಲೆ ಬ್ರಿಗೇಡಿಗೆ ಅಮೆರಿಕದ ಸ್ಟುವರ್ಟ್ ಟ್ಯಾಂಕ್‌ಗಳನ್ನು ಕೊಟ್ಟರು. ಸುಮಾರು ಹನ್ನೆರಡೂವರೆ ಟನ್ ತೂಕದ ಹಗುರ ಟ್ಯಾಂಕ್, ನಾಲ್ಕು ಜನ ಸಿಬ್ಬಂದಿ, 37 ಮಿ.ಮೀ. ತೋಪು, ಜೊತೆಗೆ ಮಷಿನ್‌ಗನ್‌ಗಳು. ಎಂಜಿನ್ ವಿಮಾನಕ್ಕೆಂದು ಮಾಡಿದ್ದು, ಗಾಳಿಯಿಂದ ತಣಿಯುವಂಥದು. ವೇಗವೂ ನಂಬಿಕೆಯೂ ಇದ್ದ ಯಂತ್ರ. ಮರಳುಗಾಡಿನಲ್ಲಿ ನಾಲ್ಕನೇ ಆರ್ಮರ್ಡ್ ಬ್ರಿಗೇಡ್ ಇದನ್ನು ಮೊದಲು ಬಳಸಿದಾಗ ಕಂಡ ದೊಡ್ಡ ಕೊರತೆ ಇಂಧನದ್ದು. ರಸ್ತೆಯಲ್ಲೇ ಒಂದು ಭರ್ತಿಗೆ ಸುಮಾರು 110 ಕಿಲೋಮೀಟರ್ ಮಾತ್ರ, ಬಯಲಿನ ಕುಣಿತದಲ್ಲಿ ಇನ್ನೂ ಕಡಿಮೆ. ಹೋದಲ್ಲೆಲ್ಲ ಪೆಟ್ರೋಲ್ ಲಾರಿಗಳು ಹಿಂದೆಯೇ ಬರಬೇಕು. ಬ್ರಿಟಿಷರ ತೆಳು ತಗಡಿನ ಡಬ್ಬಿಗಳಾದರೋ ದಾರಿಯುದ್ದಕ್ಕೂ ಸೋರುತ್ತಿದ್ದವು. ಜರ್ಮನ್ನರ ಇಪ್ಪತ್ತು ಲೀಟರಿನ ಗಟ್ಟಿ ಕ್ಯಾನ್ ಎಲ್ಲಿ ಸಿಕ್ಕಿದರೂ ಬ್ರಿಟಿಷ್ ಸೈನಿಕರು ಎತ್ತಿಟ್ಟುಕೊಳ್ಳುತ್ತಿದ್ದರು. ಇಂದು ನಮ್ಮ ತೋಟಗಳ ಜೀಪಿನ ಹಿಂದೆ ಕಟ್ಟಿರುವುದು ಅದೇ ಕ್ಯಾನಿನ ವಂಶ.

ಮಲಯಾದ ಕಡೆಗೆಂದು ಹೊರಟಿದ್ದ ಬ್ರಿಗೇಡನ್ನು ಪರಿಸ್ಥಿತಿ ಕೈಮೀರಿದ್ದರಿಂದ ರಂಗೂನಿಗೆ ತಿರುಗಿಸಲಾಯಿತು. 1942ರ ಫೆಬ್ರವರಿ 21ರಂದು ನೂರಕ್ಕೂ ಹೆಚ್ಚು ಸ್ಟುವರ್ಟ್‌ಗಳು ರಂಗೂನ್ ಬಂದರಿನಲ್ಲಿ ಇಳಿದವು. ಎರಡೇ ದಿನಕ್ಕೆ, 23ರ ಬೆಳಗಿನ ಜಾವ, ಬರ್ಮಾಕ್ಕೆ ನುಗ್ಗಿ ಬರುತ್ತಿದ್ದ ಜಪಾನೀಯರಿಗೆ ಸಿಗಬಾರದೆಂದು ಸಿತ್ತಾಂಗ್ ನದಿಯ ಸೇತುವೆಯನ್ನು ಬ್ರಿಟಿಷರೇ ಸ್ಫೋಟಿಸಿದರು. ಹದಿನೇಳನೇ ಭಾರತೀಯ ಡಿವಿಷನ್ನಿನ ಬಹುಭಾಗ ಆಚೆ ದಡದಲ್ಲೇ ಉಳಿದುಹೋಯಿತು. ಬಂದರಿನಲ್ಲಿ ಇಳಿದಂದಿನಿಂದ ಎಪ್ಪತ್ತೆಂಟು ದಿನ ಈ ಬ್ರಿಗೇಡ್ ಮಾಡಿದ್ದು ಒಂದೇ ಕೆಲಸ. ಹಿಂದೆ ಸರಿಯುವ ಸೇನೆಗೆ ಮುಂದೆ ದಾರಿ ಬಿಡಿಸಿ ಕೊಡುವುದು, ಹಿಂದೆ ಬಾಗಿಲು ಕಾಯುವುದು.

ಇಲ್ಲಿ ತೋಪಿನ ವಿಷಯಕ್ಕೆ ಬರಬೇಕು. ಸ್ಟುವರ್ಟಿನ 37 ಮಿ.ಮೀ. ತೋಪಿಗೆ ಅವರು ತಂದಿದ್ದದ್ದು ಕವಚ ಭೇದಿಸುವ ಗಟ್ಟಿ ಗುಂಡು, ಸಿಡಿಯುವ ಷೆಲ್ ಅಲ್ಲ. ಮರಳುಗಾಡಿನಲ್ಲಿ ಅದಕ್ಕೆ ಅರ್ಥವಿತ್ತು, ಎದುರಿಗೆ ಬರುವುದು ಟ್ಯಾಂಕ್. ಬರ್ಮಾದಲ್ಲಿ ಎದುರಿಗೆ ಬಂದದ್ದು ಟ್ಯಾಂಕ್ ಅಲ್ಲ ಎಂದೇ ಹೇಳಬೇಕು, ಅಷ್ಟು ಅಪರೂಪ. ಬಂದವನು ಪೊದೆಯೊಳಗೆ ಕುಳಿತ ಸೈನಿಕ, ಮರದ ದಿಮ್ಮಿಗಳ ಹಿಂದೆ ಇಟ್ಟ ಮಷಿನ್‌ಗನ್, ರಸ್ತೆ ಬದಿಯ ಚರಂಡಿಯಲ್ಲಿ ಪೆಟ್ರೋಲ್ ಬಾಟಲಿ ಹಿಡಿದು ಕಾದವನು. ಗಟ್ಟಿ ಗುಂಡು ಪೊದೆಗೆ ಬಿದ್ದರೆ ಒಂದು ತೂತು ಮಾಡಿ ಆಚೆ ಹೋಗುತ್ತದೆ. ತೂತಿನ ಎರಡು ಅಡಿ ಪಕ್ಕದಲ್ಲಿರುವವನಿಗೆ ಕೂದಲೂ ಕೊಂಕುವುದಿಲ್ಲ. ಟ್ಯಾಂಕಿನವರು ಮಷಿನ್‌ಗನ್ನನ್ನೇ ನಂಬಬೇಕಾಯಿತು. ಸಿಡಿಯುವ ಷೆಲ್ ಬೇಕಾದಾಗ ಜೊತೆಗೆ ಬಂದಿದ್ದ 25 ಪೌಂಡರ್ ಫಿರಂಗಿಗಳ ಬ್ಯಾಟರಿಯನ್ನು ಕೇಳಬೇಕು. ಆದರೆ ಫಿರಂಗಿಗೆ ಗುರಿ ಹೇಳುವವನಿಗೂ ಮರಗಳಾಚೆ ಕಾಣಬೇಕಲ್ಲ.

ಮುಂದೆ ಪೆಸಿಫಿಕ್ ದ್ವೀಪಗಳ ಕಾಡಿನಲ್ಲಿ ಅಮೆರಿಕನ್ನರು ಇದೇ ತೋಪಿಗೆ ಬೇರೆ ಮದ್ದನ್ನು ಬಳಸಿದರು. ತಗಡಿನ ಡಬ್ಬಿಯೊಳಗೆ 122 ಉಕ್ಕಿನ ಗುಂಡುಗಳು. ತೋಪಿನ ಬಾಯಿ ದಾಟುತ್ತಲೇ ಡಬ್ಬಿ ಒಡೆದು ಗುಂಡುಗಳು ಹರಡುತ್ತವೆ, ನಮ್ಮ ಕಡೆ ಹಂದಿ ಹೊಡೆಯಲು ಬಳಸುತ್ತಿದ್ದ ಚರೆ ಕೋವಿಯಂತೆ. ಇನ್ನೂರು ಗಜದಾಚೆ ಅದರ ಕೆಲಸ ನಡೆಯದು. ಕಾಡಿನಲ್ಲಿ ಇನ್ನೂರು ಗಜದಾಚೆ ಏನೂ ಕಾಣುವುದೂ ಇಲ್ಲ. ತೋಪು ಅದೇ, ಟ್ಯಾಂಕ್ ಅದೇ. ಕಣ್ಣಿನ ದೂರಕ್ಕೆ ತಕ್ಕಂತೆ ಗುಂಡು ಬದಲಾದಾಗ ಅದು ಕಾಡಿನ ಆಯುಧವಾಯಿತು. ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ ಸಂಗತಿ. 1942ರ ಫೆಬ್ರವರಿಯಲ್ಲಿ ಆ ಟ್ಯಾಂಕ್‌ಗಳಿಗೆ ಬೇಕಾಗಿದ್ದದ್ದು ಹೊಸ ಯಂತ್ರವಲ್ಲ, ಪೆಟ್ಟಿಗೆಯೊಳಗೆ ಬೇರೆ ಷೆಲ್.

ಮಾರ್ಚ್ 7. ರಂಗೂನನ್ನು ಖಾಲಿ ಮಾಡಿ ಸೇನೆ ಉತ್ತರಕ್ಕೆ ಹೊರಟಿದೆ. ಹೊಸದಾಗಿ ಬಂದ ಸೇನಾಪತಿ ಅಲೆಕ್ಸಾಂಡರ್ ಕೂಡ ಆ ಸಾಲಿನಲ್ಲಿದ್ದಾರೆ. ನಗರದಿಂದ ಮೂವತ್ತು ಕಿಲೋಮೀಟರ್ ಚಿಲ್ಲರೆ ದೂರದಲ್ಲಿ ತೌಕ್ಕ್ಯಾನ್ ಎಂಬ ಕವಲು, ಅಲ್ಲಿಂದ ಒಂದು ರಸ್ತೆ ಪ್ರೋಮ್ ಕಡೆಗೆ, ಇನ್ನೊಂದು ಪೆಗುವಿನ ಕಡೆಗೆ. ಪ್ರೋಮ್ ರಸ್ತೆಗೆ ಅಡ್ಡಲಾಗಿ ಜಪಾನೀಯರು ತಡೆ ಹಾಕಿ, ಎರಡೂ ಬದಿಯ ಮರಗಳ ನಡುವೆ ಬಂದೂಕು ಹೂಡಿ ಕುಳಿತಿದ್ದರು. ಟ್ಯಾಂಕ್‌ಗಳೂ ಪದಾತಿಯೂ ಆ ದಿನ ಮತ್ತೆ ಮತ್ತೆ ನುಗ್ಗಿದರೂ ತಡೆ ಒಡೆಯಲಿಲ್ಲ. ಹಿಂದೆ ರಸ್ತೆಯುದ್ದಕ್ಕೂ ಲಾರಿಗೆ ಲಾರಿ ತಾಗಿಕೊಂಡು ಇಡೀ ಸೇನೆ ನಿಂತಿತ್ತು. ನೂರು ಗಜ ಅಂತರ ಬಿಡಿ ಎಂದು ಮರಳುಗಾಡಿನಲ್ಲಿ ಕಲಿತವರು ಇಲ್ಲಿ ಬಿಡುವುದಾದರೂ ಎಲ್ಲಿಗೆ?

ಶಿರಾಡಿ ಘಾಟಿಯಲ್ಲಿ ಮಳೆಗಾಲಕ್ಕೆ ಒಂದು ಮರ ಬಿದ್ದಾಗ ದೋಣಿಗಲ್‌ವರೆಗೆ ಲಾರಿಗಳು ನಿಲ್ಲುವುದನ್ನು ನೋಡಿದವರಿಗೆ ಈ ಚಿತ್ರವನ್ನು ವಿವರಿಸಬೇಕಾಗಿಲ್ಲ. ಆ ಮರದ ಎರಡೂ ಕಡೆ ಇಳಿಜಾರಿನಲ್ಲಿ ಮಷಿನ್‌ಗನ್ ಇದೆ ಎಂದು ಕಲ್ಪಿಸಿಕೊಂಡರೆ ಸಾಕು. ಬಯಲಿನಲ್ಲಿ ಟ್ಯಾಂಕಿನ ಶಕ್ತಿಯೆಂದರೆ ಸುತ್ತುಹಾಕಿ ಹೋಗುವ ಸ್ವಾತಂತ್ರ್ಯ. ಕಾಡಿನಲ್ಲಿ ಆ ಸ್ವಾತಂತ್ರ್ಯ ಕಾಲ್ನಡಿಗೆಯವನ ಪಾಲಾಯಿತು. ಜಪಾನೀ ಸೈನಿಕ ತನ್ನ ಅಕ್ಕಿಯನ್ನು ತಾನೇ ಹೊತ್ತು, ಭಾರದ ಸಾಮಾನನ್ನು ಪ್ರಾಣಿಗಳ ಮೇಲೆ ಹೇರಿ, ಕಾಲುದಾರಿಯಲ್ಲಿ ಸುತ್ತಿ ಬಂದು ರಸ್ತೆಯ ಹಿಂಭಾಗದಲ್ಲಿ ಕೂರುತ್ತಿದ್ದ. ರಸ್ತೆಯನ್ನು ನಂಬಿದ ಸೇನೆಗೆ ರಸ್ತೆಯೇ ಕುತ್ತಿಗೆಯ ಹಗ್ಗವಾಗುತ್ತಿತ್ತು. ಹೆಚ್ಚು ವಾಹನ ಇದ್ದಷ್ಟೂ ಹಗ್ಗ ಬಿಗಿ. ಮಾರ್ಚ್ ಕೊನೆಯಲ್ಲಿ ಪ್ರೋಮ್ ಬಳಿಯ ಶ್ವೆಡೌಂಗ್‌ನಲ್ಲಿ ಇಂಥದೇ ತಡೆಯನ್ನು ಬಿಡಿಸಿಕೊಂಡು ಬರುವಷ್ಟರಲ್ಲಿ ಬ್ರಿಗೇಡ್ ಹತ್ತು ಟ್ಯಾಂಕ್ ಕಳೆದುಕೊಂಡಿತು.

ತೌಕ್ಕ್ಯಾನಿನಲ್ಲಿ ಮಾತ್ರ ಮಾರನೆಯ ಬೆಳಿಗ್ಗೆ ತಡೆ ಖಾಲಿಯಾಗಿತ್ತು. ಜಪಾನೀ ಡಿವಿಷನ್ ಆ ರಸ್ತೆಯನ್ನು ಗುಟ್ಟಾಗಿ ದಾಟಿ ಪಶ್ಚಿಮದಿಂದ ರಂಗೂನಿಗೆ ನುಗ್ಗುವ ಯೋಜನೆಯಲ್ಲಿತ್ತು, ತಡೆ ಹಾಕಿದ್ದು ಆ ದಾಟುವಿಕೆಗೆ ಮರೆಯಾಗಿ. ದಾಟಿ ಮುಗಿದೊಡನೆ ಯೋಜನೆಯಲ್ಲಿದ್ದಂತೆ ತೆಗೆದುಬಿಟ್ಟರು. ಇಡೀ ಬ್ರಿಟಿಷ್ ಸೇನೆ ಬಲೆಯಲ್ಲಿ ಬಿದ್ದಿದೆ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಬಯಲಾಗಿದ್ದರೆ ಧೂಳೇ ಹೇಳುತ್ತಿತ್ತು. ಅಷ್ಟು ಲಾರಿಗಳ ಧೂಳು ಮರಳುಗಾಡಿನಲ್ಲಿ ಹತ್ತಾರು ಮೈಲಿಗೆ ಕಾಣುತ್ತದೆ. ಕಾಡು ಎರಡೂ ಕಡೆಯವರ ಕಣ್ಣು ಕಟ್ಟುತ್ತದೆ, ಆ ಬೆಳಿಗ್ಗೆ ಅದರಿಂದ ಉಳಿದುಕೊಂಡವರು ಬ್ರಿಟಿಷರು.

ಯಂತ್ರದ ಆರೈಕೆಯ ವಿಷಯವನ್ನು ನನ್ನ ಕೈ ಕಂಡದ್ದರಿಂದಲೇ ಹೇಳುತ್ತೇನೆ, ಇದರಲ್ಲಿ ಪುಸ್ತಕಕ್ಕಿಂತ ಬೆರಳು ಹೆಚ್ಚು ಹೇಳುತ್ತದೆ. ರಾಜಸ್ಥಾನಕ್ಕೆ ಹೊಸದಾಗಿ ಬಂದ ಹುಡುಗರು ಮಾಡುವ ಮೊದಲ ತಪ್ಪು ಹೆಚ್ಚು ಎಣ್ಣೆ ಹಚ್ಚುವುದು. ಊರಿನಲ್ಲಿ ಕೀಲು ಕಿರುಗುಟ್ಟಿದರೆ ಎಣ್ಣೆ ಬಿಟ್ಟು ಅಭ್ಯಾಸ, ಇಲ್ಲೂ ಹಾಗೇ ಮಾಡುತ್ತಾರೆ. ಒಬ್ಬ ಹುಡುಗ ಬೆಳಿಗ್ಗೆ ಮಷಿನ್‌ಗನ್ನಿನ ಬೋಲ್ಟಿಗೆ ಧಾರಾಳವಾಗಿ ಎಣ್ಣೆ ಹಚ್ಚಿದ್ದ. ಸಂಜೆ ನಾನು ಅದನ್ನು ಬಿಚ್ಚಿ ಬೆರಳಿಗೆ ಹಚ್ಚಿಕೊಂಡು ಉಜ್ಜಿದೆ. ಬೂದುಬಣ್ಣದ ಲೇಹ್ಯ, ನಡುವೆ ಸಕ್ಕರೆಯಂತೆ ಕರಕರ. ಅದು ಸಾಣೆಯ ಪೇಸ್ಟ್. ಎಣ್ಣೆ ಮರಳನ್ನು ಹಿಡಿಯುತ್ತದೆ, ಮರಳು ಉಕ್ಕನ್ನು ತಿನ್ನುತ್ತದೆ. ಮರಳುಗಾಡಿನಲ್ಲಿ ಹೊರಗೆ ತೆರೆದಿರುವ ಭಾಗ ಆದಷ್ಟು ಒಣಗಿರಬೇಕು, ಎಣ್ಣೆ ತೆಳ್ಳಗೆ, ಬೇಕಾದಲ್ಲಿ ಮಾತ್ರ. ಎಂಜಿನ್ನಿಗೂ ಅದೇ ಕಾಟ. ಗಾಳಿ ಶೋಧಕದಲ್ಲಿ ಸೀಳು ಬಿಟ್ಟಿದೆಯೇ, ಅಂಚಿನ ರಬ್ಬರು ಕೂತಿದೆಯೇ ಎಂದು ದಿನಾ ನೋಡಬೇಕು. ಶೋಧಕದ ಒಳಬದಿಗೆ ಬೆರಳಾಡಿಸಿ, ಅಲ್ಲಿ ಪುಡಿ ಸಿಕ್ಕಿದರೆ ಎಂಜಿನ್ನಿನ ಆಯುಷ್ಯ ಆಗಲೇ ಕಡಿಮೆಯಾಗಿದೆ. ಆಮೇಲೆ ಅದು ಎಣ್ಣೆ ಸುಡಲು ಶುರುಮಾಡುತ್ತದೆ, ಹೊಗೆ ನೀಲಿಯಾಗುತ್ತದೆ, ಏರಿನಲ್ಲಿ ಎಳೆಯುವುದಿಲ್ಲ.

ಈಶಾನ್ಯದಲ್ಲಿ ಎಲ್ಲ ತಲೆಕೆಳಗು. ಅಲ್ಲಿ ಎಣ್ಣೆ ಹಚ್ಚದೆ ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ಕೆಂಪು ತುಕ್ಕಿನ ಚುಕ್ಕೆ. ಚರ್ಮದ ಪಟ್ಟಿಗೆ ಹಸಿರು ಬೂಷ್ಟು, ಬೂಟಿನ ಹೊಲಿಗೆ ಕೊಳೆತು ಬಿಡುತ್ತದೆ, ಬ್ಯಾಟರಿಯ ತುದಿಗಳಿಗೆ ಬಿಳಿ ಹಿಡಿಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ದುರ್ಬೀನಿನ ಗಾಜಿನೊಳಗೆ ಬೆಳೆಯುವ ಶಿಲೀಂಧ್ರ, ಜೇಡರ ಬಲೆಯಂತೆ ಕವಲೊಡೆಯುತ್ತದೆ. ಮಲೆನಾಡಿನ ಮನೆಗಳಲ್ಲಿ ಜಡಿಮಳೆಯ ತಿಂಗಳುಗಳಲ್ಲಿ ಬೀರುವಿನೊಳಗಿನ ಕ್ಯಾಮೆರಾ ಏನಾಗುತ್ತದೆ ಎಂದು ಬಲ್ಲವರಿಗೆ ಇದು ಹೊಸದಲ್ಲ. ತೇವ ನಿಧಾನ ಶತ್ರು. ಮರಳು ವಾರಗಳಲ್ಲಿ ತಿನ್ನುವುದನ್ನು ತೇವ ಸದ್ದಿಲ್ಲದೆ ತಿಂಗಳುಗಳಲ್ಲಿ ತಿನ್ನುತ್ತದೆ. ಆದ್ದರಿಂದ ಕಾಡಿನಲ್ಲಿ ಹಾಳಾಗಿರುವುದು ಗೊತ್ತಾಗುವುದು ಕುದುರೆ ಎಳೆದು ಗುಂಡು ಹಾರದಿದ್ದಾಗಲೇ.

ಏಪ್ರಿಲ್ ಮಧ್ಯದ ಹೊತ್ತಿಗೆ ಬ್ರಿಗೇಡ್ ಇರಾವತಿ ನದಿಯ ಪಕ್ಕದ ಯೆನಾಂಗ್ಯೌಂಗ್ ಎಣ್ಣೆ ಬಾವಿಗಳ ಊರಿನ ಬಳಿ ಇತ್ತು. ಇಲ್ಲಿಯ ಕಥೆ ಹೇಳುವಾಗ ಕೆಡೆಟ್‌ಗಳು ನನ್ನನ್ನು ತಡೆಯುತ್ತಾರೆ.

"ಸರ್, ಕಾಡಿನ ಯುದ್ಧ ಎಂದಿರಿ, ಇಲ್ಲಿ ನೀರೇ ಇಲ್ಲವಲ್ಲ?"

ಈ ಪ್ರಶ್ನೆಗಾಗಿಯೇ ನಾನು ಹುಡುಗರನ್ನು ಅರಸೀಕೆರೆಗೂ ಸಕಲೇಶಪುರಕ್ಕೂ ಒಂದೇ ದಿನ ಕರೆದೊಯ್ಯುವುದು. ಬರ್ಮಾದ ಪಶ್ಚಿಮಕ್ಕೆ ಅರಾಕಾನ್ ಬೆಟ್ಟಸಾಲು. ನೈಋತ್ಯ ಮುಂಗಾರು ಅದಕ್ಕೆ ತಾಗಿ, ಕಡಲ ಬದಿಯ ಅಕ್ಯಾಬಿನಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ.ಗೂ ಹೆಚ್ಚು ಸುರಿಯುತ್ತದೆ. ಬೆಟ್ಟ ದಾಟಿದ ಮೋಡದಲ್ಲಿ ಉಳಿಯುವುದು ಅಲ್ಪ. ಯೆನಾಂಗ್ಯೌಂಗ್ ಇರುವ ನಡುನಾಡಿಗೆ ಸಾವಿರ ಮಿ.ಮೀ.ಯೂ ಸಿಗುವುದಿಲ್ಲ. ಅಲ್ಲಿ ಕುರುಚಲು, ಮುಳ್ಳು, ಒಣ ಹಳ್ಳ, ಮರಳು. ನಮ್ಮ ಘಟ್ಟ ಮಂಜರಾಬಾದನ್ನು ತೋಯಿಸಿ ಅರಸೀಕೆರೆ, ಕಡೂರುಗಳನ್ನು ಒಣಗಿಸುವುದೂ ಇದೇ ಲೆಕ್ಕದಲ್ಲಿ. ನಕ್ಷೆಯ ಮೇಲೆ ಬರ್ಮಾ ಎಂದು ಬರೆದ ಮಾತ್ರಕ್ಕೆ ಎಲ್ಲವೂ ಕಾಡಲ್ಲ.

ಬಾವಿಗಳೂ ತೊಟ್ಟಿಗಳೂ ಜಪಾನೀಯರ ಕೈಗೆ ಸಿಗಬಾರದೆಂದು ಬ್ರಿಟಿಷರೇ ಬೆಂಕಿ ಇಟ್ಟಿದ್ದರು. ಊರ ಮೇಲೆಲ್ಲ ಕಪ್ಪು ಹೊಗೆ, ಕೆಳಗೆ ನಲವತ್ತು ಡಿಗ್ರಿ ದಾಟಿದ ಬಿಸಿಲು. ಊರಿನ ಉತ್ತರಕ್ಕೆ ಪಿನ್ ಚೌಂಗ್ ಎಂಬ ಹಳ್ಳ, ಬೇಸಿಗೆಯಲ್ಲಿ ಹಾದು ಹೋಗುವಷ್ಟೇ ನೀರು. ಜಪಾನೀಯರು ಮತ್ತೆ ಕಾಲ್ನಡಿಗೆಯಲ್ಲಿ ಸುತ್ತಿಬಂದು ಆ ಹಾಯ್ಗಡವನ್ನೇ ಹಿಡಿದರು. ಒಂದನೇ ಬರ್ಮಾ ಡಿವಿಷನ್ ದಕ್ಷಿಣದಲ್ಲಿ ಸಿಕ್ಕಿಬಿತ್ತು. ಕುಡಿಯಲು ನೀರಿರಲಿಲ್ಲ. ಮರಳುಗಾಡಿನಲ್ಲಿ ಈ ಬ್ರಿಗೇಡಿಗೆ ನೀರಿನ ಲೆಕ್ಕ ರೂಢಿಯಾಗಿತ್ತು, ಸಾಮಾನ್ಯವಾಗಿ ಒಬ್ಬನಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ನಾಲ್ಕೂವರೆ ಲೀಟರ್, ಕುಡಿಯಲು, ಅಡುಗೆಗೆ, ತೊಳೆಯಲು ಎಲ್ಲ ಸೇರಿ. ಅದನ್ನು ಲಾರಿಯಲ್ಲಿ ಹೊತ್ತು ತರುವ ವ್ಯವಸ್ಥೆಯೂ ಇತ್ತು. ಬರ್ಮಾದಲ್ಲಿ ನದಿಗಳ ನಾಡೆಂದು ನೀರು ಹೊರುವ ಏರ್ಪಾಡು ಯಾರಿಗೂ ಮುಖ್ಯವೆನಿಸಿರಲಿಲ್ಲ.

ಬಿಡಿಸಲು ಬಂದದ್ದು ಚೀನಾದ 38ನೇ ಡಿವಿಷನ್. ಅದರ ಸೇನಾನಿ ಸುನ್ ಲಿ-ಜೆನ್ ಬಳಿ ಜನರಿದ್ದರು, ಟ್ಯಾಂಕ್ ಫಿರಂಗಿಗಳಿರಲಿಲ್ಲ. ಆ ಕ್ಷೇತ್ರದ ಸೇನಾಪತಿ ಸ್ಲಿಮ್ ತಮ್ಮ ಟ್ಯಾಂಕ್‌ಗಳನ್ನೂ ಫಿರಂಗಿಗಳನ್ನೂ ಅವರ ಅಧೀನಕ್ಕೆ ಕೊಟ್ಟರು. ಏಪ್ರಿಲ್ 19ರಂದು ಉತ್ತರದಿಂದ ಚೀನೀಯರು ಒತ್ತುತ್ತಿದ್ದಾಗ, ಒಳಗಿದ್ದ ಟ್ಯಾಂಕ್‌ಗಳು ಪೂರ್ವಕ್ಕೆ ಹಳ್ಳಕ್ಕಿಳಿಯುವ ಒಂದು ಬಂಡಿದಾರಿಯನ್ನು ಹುಡುಕಿದವು. ಆ ದಾರಿ ಮರಳಾಗಿ ಕರಗುತ್ತಾ ಹೋಯಿತು. ಲಾರಿಗಳ ಚಕ್ರ ಹೂತು ನಿಂತವು, ಟ್ಯಾಂಕ್‌ಗಳ ಚೈನು ಮಾತ್ರ ಹತ್ತಿತು. ಲಾರಿ, ತೋಪುಗಳನ್ನು ಅಲ್ಲೇ ಬಿಟ್ಟು, ಗಾಯಾಳುಗಳಲ್ಲಿ ಹೊರಬಹುದಾದಷ್ಟು ಜನರನ್ನು ಟ್ಯಾಂಕ್‌ಗಳ ಬೆನ್ನ ಮೇಲೆ ಮಲಗಿಸಿ ಹೊರಟರು. ಬಿಸಿಲಿಗೆ ಕಾದ ಉಕ್ಕಿನ ಮೇಲೆ ಗಾಯಾಳು. ಇದನ್ನು ಹೇಳುವಾಗ ನನಗೆ ಪ್ರತಿ ಸಲ ಮಾತು ನಿಲ್ಲುತ್ತದೆ, ಏಕೆಂದರೆ ಮೇ ತಿಂಗಳ ಮಧ್ಯಾಹ್ನ ಟ್ಯಾಂಕಿನ ಮೇಲೆ ಬರಿಗೈ ಇಟ್ಟರೆ ಏನಾಗುತ್ತದೆ ಎಂದು ನನ್ನ ಅಂಗೈಗೆ ಗೊತ್ತು.

ಬರ್ಮಾದ ಎಪ್ಪತ್ತೆಂಟು ದಿನಗಳಲ್ಲಿ ಈ ಬ್ರಿಗೇಡಿನ ಮರಳುಗಾಡಿನ ಅನುಭವ ನೇರವಾಗಿ ಕೈಹಿಡಿದದ್ದು ಈ ಒಣನಾಡಿನಲ್ಲೇ ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಕಣ್ಣಿಗೆ ಮತ್ತೆ ದೂರ ಸಿಕ್ಕಿತ್ತು, ರಸ್ತೆ ಬಿಟ್ಟು ಇಳಿಯಲು ನೆಲ ಇತ್ತು. ಟ್ಯಾಂಕ್ ಮತ್ತೆ ಟ್ಯಾಂಕಿನಂತೆ ಕೆಲಸ ಮಾಡಿತು.

ಕಾಡು ಮನುಷ್ಯನ ದೇಹಕ್ಕೆ ಮಾಡುವುದನ್ನೂ ಹೇಳಬೇಕು, ಆದರೆ ಈ ಬ್ರಿಗೇಡ್ ಅದನ್ನು ಪೂರ್ತಿ ಕಾಣುವ ಮೊದಲೇ ಹೊರಟುಹೋಯಿತು. ಅದರ ಲೆಕ್ಕ ಸಿಗುವುದು ಮುಂದಿನ ವರ್ಷ. 1943ರಲ್ಲಿ ಬರ್ಮಾ ಗಡಿಯಲ್ಲಿ ಗಾಯಗೊಂಡು ಹಿಂದಕ್ಕೆ ಕಳಿಸಿದ ಒಬ್ಬ ಸೈನಿಕನಿಗೆ ಪ್ರತಿಯಾಗಿ ಕಾಯಿಲೆ ಬಿದ್ದು ಹೋದವರು 120 ಜನ ಎಂದು ಸ್ಲಿಮ್ ದಾಖಲಿಸಿದ್ದಾರೆ. ಬಹುಪಾಲು ಮಲೇರಿಯಾ, ಆಮಶಂಕೆ. ಸಕಲೇಶಪುರದ ತೋಟದಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರು ಹುಡುಗರ ಕಾಲಿನ ಇಂಬಳಕ್ಕೆ ಸುಣ್ಣ ಹಚ್ಚುತ್ತಾ ಹೇಳಿದರು: "ಇಂಬಳಕ್ಕೆ ಹೆದರಬೇಡಿ ಮಕ್ಕಳೇ. ನಮ್ಮ ಅಪ್ಪನ ಕಾಲದಲ್ಲಿ ಈ ಊರು ಖಾಲಿ ಮಾಡಿಸಿದ್ದು ಸೊಳ್ಳೆ." ಮಲೆನಾಡನ್ನು ದಶಕಗಳ ಕಾಲ ಚಳಿಜ್ವರ ಹಿಂಡಿದ್ದು ಸುಳ್ಳಲ್ಲ. ಸ್ಲಿಮ್ ಮಾಡಿದ ಉಪಾಯ ಎರಡು. ಮೆಪಾಕ್ರಿನ್ ಮಾತ್ರೆಯನ್ನು ಪ್ರತಿಯೊಬ್ಬನೂ ನುಂಗಿದ್ದಾನೆಯೇ ಎಂದು ಅಧಿಕಾರಿಗಳೇ ನಿಂತು ನೋಡುವುದು, ಮತ್ತು ಜ್ವರದವರನ್ನು ನೂರಾರು ಮೈಲಿ ಹಿಂದಕ್ಕೆ ಸಾಗಿಸದೆ ಯುದ್ಧರೇಖೆಯ ಹತ್ತಿರದಲ್ಲೇ ಟೆಂಟಿನಲ್ಲಿ ಚಿಕಿತ್ಸೆ ಕೊಟ್ಟು ವಾರಗಳಲ್ಲಿ ವಾಪಸು ಕಳಿಸುವುದು. ಮರಳುಗಾಡಿನಲ್ಲೂ ಭೇದಿ, ನೊಣ, ಮಾಯದ ಹುಣ್ಣು ಇದ್ದವು. ಆದರೆ ಅಲ್ಲಿ ಒಣಗಾಳಿ ಸೇನೆಯ ಪರವಾಗಿಯೂ ಕೆಲಸ ಮಾಡುತ್ತದೆ, ಕಾಡಿನ ಗಾಳಿ ಹಾಗಲ್ಲ.

ಮೇ ಹತ್ತಿರವಾಗುತ್ತಿತ್ತು, ಮುಂಗಾರು ಬರುವ ಮೊದಲು ಚಿಂದ್ವಿನ್ ನದಿ ದಾಟಿ ಇಂಫಾಲ ಸೇರಬೇಕು. ಶ್ವೆಗ್ಯಿನ್ ಎಂಬಲ್ಲಿ ರಸ್ತೆ ಮುಗಿದು ಹೊಳೆ ಸಿಗುತ್ತದೆ. ಸುತ್ತ ಕಡಿದಾದ ಗುಡ್ಡ, ನಡುವೆ ಬೋಗುಣಿಯಂಥ ತಗ್ಗು, ತಗ್ಗಿನ ತುದಿಗೆ ಒಂದು ಕಟ್ಟೆ. ಅಲ್ಲಿಂದ ಸಣ್ಣ ಸ್ಟೀಮರ್‌ಗಳು ಹೊಳೆಯ ಮೇಲ್ಗಡೆ ಕಲೇವಾಕ್ಕೆ ಹೋಗಿಬರುತ್ತಿದ್ದವು. ಒಂದೊಂದು ಸಲಕ್ಕೆ ಜನರೂ ಬೆರಳೆಣಿಕೆಯ ವಾಹನಗಳೂ ಮಾತ್ರ. ಹನ್ನೆರಡೂವರೆ ಟನ್ನಿನ ಟ್ಯಾಂಕ್ ಹೇರುವುದಕ್ಕೆ ತಕ್ಕ ದೋಣಿಯೂ ಇಲ್ಲ, ಕಟ್ಟೆಯೂ ಇಲ್ಲ. ಮೇ 10ರಂದು ಜಪಾನೀಯರು ಗುಡ್ಡಗಳ ಮೇಲಿಂದ ಹೊಡೆಯಲು ಶುರುಮಾಡಿದರು. ಆ ಸಂಜೆ ಉಳಿದ ಟ್ಯಾಂಕ್‌ಗಳನ್ನು ಅವರ ಸಿಬ್ಬಂದಿಯೇ ಕೆಲಸಕ್ಕೆ ಬಾರದಂತೆ ಹಾಳುಮಾಡಿ, ಹೊಳೆ ದಂಡೆಯ ಕಾಲುದಾರಿ ಹಿಡಿದು ಉತ್ತರಕ್ಕೆ ನಡೆದರು. ಲಿಬಿಯಾದಿಂದ ಉಕ್ಕಿನೊಳಗೆ ಕುಳಿತು ಬಂದವರು ಭಾರತದ ಗಡಿಯತ್ತ ಹೆಜ್ಜೆ ಹಾಕಿದ್ದು ಕಾಲ್ನಡಿಗೆಯಲ್ಲಿ.

ಒಂದು ಸ್ಟುವರ್ಟ್ ಮಾತ್ರ ಅದಕ್ಕೂ ಮುಂಚೆ ಹೇಗೋ ಹೊಳೆ ದಾಟಿತ್ತು. ಅದನ್ನು ಇಂಫಾಲಕ್ಕೆ ತಂದರು. ಮುಂದೆ ಅದು ಭಾರತೀಯ ಸೇನೆಯ ಏಳನೇ ಲೈಟ್ ಕ್ಯಾವಲ್ರಿ ರೆಜಿಮೆಂಟಿನ ಪಾಲಿಗೆ ಬಂತು. ಅದರ ಗೋಪುರವನ್ನೂ 37 ಮಿ.ಮೀ. ತೋಪನ್ನೂ ತೆಗೆದುಹಾಕಿ, ಮೇಲ್ಭಾಗ ತೆರೆದಿರುವ ಕಮಾಂಡ್ ವಾಹನವಾಗಿ ಮಾಡಿಕೊಂಡರು. 1945ರಲ್ಲಿ ಸೇನೆ ಬರ್ಮಾಕ್ಕೆ ಮರಳಿದಾಗ ಅದೂ ಮರಳಿತು.